ಹಳದಿ ಎಲೆಯ ಫೋಟೊದಲ್ಲಿ ಎಲೆಯ ಆಚೆ ನೋಡಬೇಕಾದ್ದು

'ಎಲೆ ಹಳದಿ ಆಗ್ತಿದೆ, ಯಾಕೆ?' ಎಂಬ ಒಂದು ಸಾಲು, ಕೆಳಗೊಂದು ಫೋಟೊ. ಗಿಡಗಳ ಬಗ್ಗೆ ಸ್ವಲ್ಪ ತಿಳಿದವರು ಎಂದು ಹೆಸರಾದವರ ವಾಟ್ಸಾಪ್‌ಗೆಲ್ಲ ಇಂಥದ್ದು ಬರುತ್ತಲೇ ಇರುತ್ತದೆ. ಫೋಟೊದಲ್ಲಿ ಬಹಳ ಸಲ ಒಂದೇ ಎಲೆ ಇರುತ್ತದೆ, ಅದೂ ಪರದೆ ತುಂಬುವಷ್ಟು ಹತ್ತಿರದಿಂದ ತೆಗೆದದ್ದು. ಗಿಡದ ಉಳಿದ ಭಾಗ, ಕುಂಡ, ಮಣ್ಣು, ಕಿಟಕಿ ಒಂದೂ ಕಾಣುವುದಿಲ್ಲ. ಕಳಿಸಿದವರಿಗೆ ಅದೇ ಸ್ಪಷ್ಟವಾದ ಫೋಟೊ. ನೋಡುವವರಿಗೆ ಅದರಿಂದ ತಿಳಿಯುವುದು ಬಹಳ ಕಡಿಮೆ, ಏಕೆಂದರೆ ಹಳದಿ ಎಲೆ ತನ್ನಷ್ಟಕ್ಕೆ ಹೇಳುವ ಸಂಗತಿ ಒಂದೇ: ಇಲ್ಲಿದ್ದ ಪತ್ರಹರಿತ್ತು ಒಡೆದುಹೋಗಿದೆ. ನೀರು ಹೆಚ್ಚಾಗಿ ಒಡೆಯಿತೋ, ಬೆಳಕು ಸಾಲದೆ ಒಡೆಯಿತೋ, ಎಲೆಗೆ ವಯಸ್ಸಾಯಿತೋ, ಕೊನೆಗೆ ಕಾಣುವ ಬಣ್ಣ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಫೋಟೊ ನೋಡಿ ಕಾರಣ ಹೇಳಲು ಆಗುವುದೇ ಇಲ್ಲವೇ? ಆಗುತ್ತದೆ. ಆದರೆ ಸಾಕ್ಷಿ ಇರುವುದು ಎಲೆಯ ಅಕ್ಕಪಕ್ಕದಲ್ಲಿ. ನಮ್ಮ ಊರುಗಳ ಮನೆಯೊಳಗೆ ಅತಿ ಹೆಚ್ಚಾಗಿ ಕಾಣುವ ಮನಿಪ್ಲಾಂಟನ್ನೇ ಹಿಡಿದು ಇದನ್ನು ನೋಡೋಣ.

ಮೊದಲನೆಯದಾಗಿ ಅದು ಮನಿಪ್ಲಾಂಟ್ ಹೌದೇ ಎಂದು ಖಾತ್ರಿಯಾಗಬೇಕು. ಹೃದಯದ ಆಕಾರದ ಎಲೆಯಿರುವ ಎಲ್ಲ ಬಳ್ಳಿಗಳನ್ನೂ ನಾವು ಮನಿಪ್ಲಾಂಟ್ ಎಂದೇ ಕರೆಯುತ್ತೇವೆ. ನರ್ಸರಿಯವರೂ ಅನೇಕ ಸಲ ಹಾಗೆಯೇ ಮಾರುತ್ತಾರೆ. ನಿಜವಾದ ಮನಿಪ್ಲಾಂಟ್ ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಮೂಲ ನೆಲೆ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷಿಯಾದ ಮೂರಿಯಾ ದ್ವೀಪ. 1880ರಲ್ಲಿ ಅದನ್ನು ಪೋಥೋಸ್ ಜಾತಿಗೆ ಸೇರಿಸಿ ವಿವರಿಸಿದ್ದರು, ಆ ಹೆಸರು ವ್ಯಾಪಾರದಲ್ಲಿ ಇಂದಿಗೂ ಉಳಿದಿದೆ. ಈಗಿನ ಶಾಸ್ತ್ರೀಯ ಹೆಸರು ಎಪಿಪ್ರೆಮ್ನಮ್ ಆರಿಯಮ್. ಇದರ ಜೊತೆ ಗೊಂದಲವಾಗುವುದು ಮುಖ್ಯವಾಗಿ ಫಿಲೊಡೆಂಡ್ರನ್ ಎಂಬ ಅದರ ದಾಯಾದಿ.

ಎರಡನ್ನೂ ಬೇರೆ ಮಾಡಲು ಎಲೆಯ ಬಣ್ಣಕ್ಕಿಂತ ತೊಟ್ಟನ್ನು ನೋಡಬೇಕು. ಮನಿಪ್ಲಾಂಟಿನ ತೊಟ್ಟಿನ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಕಾಲುವೆಯಂಥ ತಗ್ಗು ಇರುತ್ತದೆ. ಫಿಲೊಡೆಂಡ್ರನ್ನಿನ ತೊಟ್ಟು ಹೆಚ್ಚುಕಡಿಮೆ ದುಂಡಗೆ ನಯವಾಗಿರುತ್ತದೆ. ಬಳ್ಳಿಯ ತುದಿಯಲ್ಲಿ ಹೊಸ ಎಲೆ ಹೇಗೆ ಹೊರಬರುತ್ತಿದೆ ಎಂಬುದು ಇನ್ನೂ ಒಳ್ಳೆಯ ಗುರುತು. ಮನಿಪ್ಲಾಂಟಿನಲ್ಲಿ ಅದು ಹಿಂದಿನ ಎಲೆಯ ತೊಟ್ಟಿಗೆ ಅಂಟಿಕೊಂಡಂತೆ ಸುರುಳಿ ಬಿಚ್ಚುತ್ತದೆ. ಫಿಲೊಡೆಂಡ್ರನ್ನಿನಲ್ಲಿ ತೆಳುವಾದ ಪೊರೆಯೊಳಗಿಂದ ಬರುತ್ತದೆ, ಆಮೇಲೆ ಆ ಪೊರೆ ಒಣಗಿ ಕಾಗದದಂತಾಗಿ ಉದುರುತ್ತದೆ. ಮನಿಪ್ಲಾಂಟಿನ ಪ್ರತಿ ಗೆಣ್ಣಿನಲ್ಲೂ ಸಾಮಾನ್ಯವಾಗಿ ಒಂದು ದಪ್ಪನೆಯ ಬೇರಿನ ಮೊಳಕೆ ಇರುತ್ತದೆ. ಫೋಟೊದಲ್ಲಿ ಇವು ಚೆನ್ನಾಗಿಯೇ ಕಾಣುತ್ತವೆ, ತುದಿಯನ್ನು ತೆಗೆದಿದ್ದರೆ ಮಾತ್ರ.

ಹೆಸರು ತಿಳಿದು ಆಗಬೇಕಾದ್ದೇನು? ಹಳದಿ ಎಂಬುದಕ್ಕೆ ಪ್ರತಿ ಗಿಡದಲ್ಲೂ ಬೇರೆ ಅರ್ಥವಿದೆ. ನಿಯಾನ್ ಎಂಬ ಮನಿಪ್ಲಾಂಟ್ ತಳಿಯ ಎಳೆ ಎಲೆಗಳು ಪೂರ್ತಿ ನಿಂಬೆಹಳದಿ. ಕಾಯಿಲೆ ಎಂದುಕೊಂಡು ಗೊಬ್ಬರ ಸುರಿದವರಿದ್ದಾರೆ. ಗೋಲ್ಡನ್ ತಳಿಯಲ್ಲಿ ಹಳದಿ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಈ ಸಹಜ ಮಚ್ಚೆಯ ಅಂಚು ಗಟ್ಟಿಯಾಗಿ, ಬ್ರಷ್ಷಿನಲ್ಲಿ ಎಳೆದಂತೆ ಇರುತ್ತದೆ, ಅದೇ ಬಣ್ಣದ ಗೆರೆಗಳು ಕಾಂಡದ ಮೇಲೂ ಓಡಿರುತ್ತವೆ. ಎಲೆಯ ಹಸಿರು ಭಾಗ ಕಡುಹಸಿರಾಗಿಯೇ ಉಳಿದಿರುತ್ತದೆ. ತೊಂದರೆಯ ಹಳದಿಯಲ್ಲಿ ಹಸಿರೇ ಮಾಸುತ್ತಾ ಬರುತ್ತದೆ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ.

ಇನ್ನೊಂದು ಹಳದಿ ಕ್ಯಾಮೆರಾ ಹಚ್ಚುವುದು. ರಾತ್ರಿ ಹಾಲ್‌ನ ಹಳದಿ ಎಲ್‌ಇಡಿ ಬಲ್ಬಿನ ಕೆಳಗೆ ತೆಗೆದ ಫೋಟೊದಲ್ಲಿ ಆರೋಗ್ಯವಾದ ಗಿಡವೂ ಕಾಮಾಲೆ ಬಂದಂತೆ ಕಾಣಬಹುದು. ತದ್ವಿರುದ್ಧವಾಗಿ, ಫೋನು ತನ್ನಷ್ಟಕ್ಕೆ ಬಣ್ಣ ಸರಿಪಡಿಸಿ ನಿಜವಾದ ಹಳದಿಯನ್ನೇ ಮುಚ್ಚಿಹಾಕುವುದೂ ಉಂಟು. ಎಲೆಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ಬಲ್ಬುಗಳನ್ನೆಲ್ಲ ಆರಿಸಿ, ಹಗಲಲ್ಲಿ ತೆಗೆದರೆ ಈ ಅನುಮಾನ ಬಗೆಹರಿಯುತ್ತದೆ. ಫೋಟೊದಲ್ಲಿ ಹಾಳೆ ಬೆಳ್ಳಗೆ ಕಂಡರೆ ಎಲೆಯ ಬಣ್ಣವನ್ನು ನಂಬಬಹುದು. ಫ್ಲ್ಯಾಷ್ ಹಾಕಲೇಬಾರದು. ಮಣ್ಣಿನ ಒದ್ದೆ, ಎಲೆಯ ಹೊಳಪು, ಕೋಣೆಯ ನೆರಳು, ಮುಂದೆ ನಮಗೆ ಬೇಕಾಗುವ ಎಲ್ಲವನ್ನೂ ಅದು ಅಳಿಸುತ್ತದೆ.

ಈಗ ಒಂದು ಗಿಡವನ್ನೇ ತೆಗೆದುಕೊಳ್ಳೋಣ. ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಅತ್ತಿಗೆ ಮಳೆಗಾಲದಲ್ಲಿ ಕಳಿಸಿದ ಮೊದಲ ಫೋಟೊ ಮೇಲೆ ಹೇಳಿದ ಥರದ್ದೇ, ಬರೀ ಎಲೆ. 'ಅತ್ತಿಗೆ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಕುಂಡ, ಕಿಟಕಿ ಎರಡೂ ಬರುವ ಹಾಗೆ ಒಂದು ತೆಗೀರಿ. ಮಣ್ಣಿನದೊಂದು, ಬಳ್ಳಿಯ ಬುಡದಿಂದ ತುದಿತನಕ ಇನ್ನೊಂದು' ಎಂದು ಕೇಳಿದ ಮೇಲೆ ಉಳಿದವು ಬಂದವು.

ದೂರದಿಂದ ತೆಗೆದ ಫೋಟೊದಲ್ಲಿ ಟಿವಿ ಸ್ಟ್ಯಾಂಡಿನ ಪಕ್ಕ ಒಂದು ಬಿಳಿ ಸೆರಾಮಿಕ್ ಕುಂಡ, ಅದರಿಂದ ಇಳಿಬಿದ್ದ ಎರಡು ಬಳ್ಳಿ. ಕಿಟಕಿ ಎದುರಿನ ಗೋಡೆಯಲ್ಲಿ, ಹನ್ನೆರಡು-ಹದಿಮೂರು ಅಡಿ ದೂರ, ಅದಕ್ಕೆ ಪರದೆ ಬೇರೆ. ಬಳ್ಳಿಯ ಬುಡದ ಕಡೆ ನಾಲ್ಕೈದು ಎಲೆ ಒಟ್ಟಿಗೇ ಹಳದಿಯಾಗಿವೆ. ತುದಿಯಲ್ಲಿ ಸಣ್ಣ ಸಣ್ಣ ಹಸಿರೆಲೆ.

ಹಳದಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬಳ್ಳಿಯ ಕಾಂಡವನ್ನು ನೋಡಿ. ಮನಿಪ್ಲಾಂಟಿನ ಕಾಂಡ ತಾನು ಬೆಳೆದ ಕಾಲದ ಬೆಳಕನ್ನು ಗೆಣ್ಣುಗಳ ಅಂತರದಲ್ಲಿ ಬರೆದಿಡುವ ದಿನಚರಿ. ಬುಡದ ಹತ್ತಿರದ ಗೆಣ್ಣುಗಳು ನರ್ಸರಿಯ ಶೇಡ್ ನೆಟ್‌ನ ಅಡಿಯಲ್ಲಿ, ಒಳ್ಳೆಯ ಬೆಳಕಿನಲ್ಲಿ ಬೆಳೆದವು. ಅತ್ತಿಗೆಯ ಗಿಡದಲ್ಲಿ ಅವುಗಳ ನಡುವೆ ಎರಡು ಬೆರಳು ಇಡುವಷ್ಟು ಮಾತ್ರ ಜಾಗ. ಮನೆಗೆ ಬಂದ ಮೇಲೆ ಬೆಳೆದ ಭಾಗದಲ್ಲಿ ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ಗೇಣಿನ ಮುಕ್ಕಾಲು ಭಾಗ. ಬೆಳಕು ಸಾಲದ ಗಿಡ ಎಲೆಗೆ ಖರ್ಚು ಮಾಡುವುದನ್ನು ಬಿಟ್ಟು ಕಾಂಡವನ್ನು ಉದ್ದ ಮಾಡುತ್ತದೆ, ಎಲ್ಲಾದರೂ ಬೆಳಕು ಸಿಕ್ಕೀತು ಎಂದು. ಎಲೆಗಳು ಒಂದಕ್ಕಿಂತ ಒಂದು ಚಿಕ್ಕದಾಗುತ್ತಾ ಹೋಗಿವೆ. ಬುಡದ ಎಲೆಗಳಲ್ಲಿದ್ದ ಹೊನ್ನಿನ ಮಚ್ಚೆ ತುದಿಯ ಎಲೆಗಳಲ್ಲಿ ಬಹುಮಟ್ಟಿಗೆ ಮಾಯವಾಗಿದೆ. ಮಚ್ಚೆಯ ಭಾಗದಲ್ಲಿ ಪತ್ರಹರಿತ್ತು ಕಡಿಮೆ, ಹಾಗಾಗಿ ಕತ್ತಲೆಯಲ್ಲಿ ಅದು ಗಿಡಕ್ಕೆ ಭಾರ. ಹೆಚ್ಚು ಹಸಿರಿರುವ ಎಲೆಯೇ ಅಲ್ಲಿ ಲಾಭ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಬೆಳಕು ಕಡಿಮೆಯಾದರೆ ಗಿಡ ಹಳದಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಮನಿಪ್ಲಾಂಟಿನ ಮಟ್ಟಿಗೆ ಬೆಳಕು ಕಡಿಮೆಯಾದಾಗ ಮೊದಲು ಕಾಣುವುದು ಹೆಚ್ಚು ಹಸಿರು, ಹೆಚ್ಚು ಉದ್ದ, ಹೆಚ್ಚು ವಿರಳ. ಹಳದಿ ಬರುವುದು ಬಹಳ ನಿಧಾನವಾಗಿ, ಹಳೆಯ ಎಲೆಗಳಿಗೆ ಒಂದೊಂದಾಗಿ. ಹೊಸ ಎಲೆ ಮಾಡಲು ಸಾಮಗ್ರಿ ಸಾಲದೆ ಗಿಡ ಹಳೆಯ ಎಲೆಯ ಸಾರಜನಕವನ್ನು ವಾಪಸು ಎಳೆದುಕೊಳ್ಳುತ್ತದೆ. ಆ ಎಲೆ ಇಡಿಯಾಗಿ ಹಳದಿಯಾಗಿ, ತೆಳ್ಳಗಾಗಿ, ಕಲೆಯಿಲ್ಲದೆ ಕಳಚಿ ಬೀಳುತ್ತದೆ. ಕಾಂಡದ ಮೇಲೆ ಉಂಗುರದಂಥ ಗುರುತು ಉಳಿಯುತ್ತದೆ. ಬುಡದಲ್ಲಿ ಅಂಥ ಗುರುತುಗಳ ಬೋಳು ಬಳ್ಳಿ, ತುದಿಯಲ್ಲಿ ಮಾತ್ರ ಎಲೆ, ಇದು ಬೆಳಕು ಸಾಲದ ಗಿಡದ ತಿಂಗಳುಗಳ ಕಥೆ. ಒಂದೇ ವಾರದಲ್ಲಿ ನಾಲ್ಕು ಎಲೆ ಹಳದಿಯಾಗುವುದನ್ನು ಬರೀ ಬೆಳಕಿನ ಕೊರತೆಯಿಂದ ವಿವರಿಸುವುದು ಕಷ್ಟ.

ಅತ್ತಿಗೆಯ ಗಿಡದಲ್ಲಿ ಆದದ್ದು ಅದೇ, ಹತ್ತು ದಿನದ ಹಿಂದೆ ಒಂದೂ ಹಳದಿ ಇರಲಿಲ್ಲವಂತೆ. ಹಾಗಾದರೆ ಮಣ್ಣಿನ ಫೋಟೊ ನೋಡೋಣ. ಮೇಲ್ಮೈ ಕಪ್ಪಗೆ ಒದ್ದೆ. ಕುಂಡದ ಒಳ ಅಂಚಿಗೆ ಹಸಿರು ಪಾಚಿಯ ತೆಳು ಗೆರೆ. ಒಂದು ಹಳದಿ ಎಲೆಯ ಅಂಚಿನಲ್ಲಿ ಕಂದು-ಕಪ್ಪು ಮಚ್ಚೆ, ನೀರಿನಲ್ಲಿ ನೆನೆದಂತೆ ಮೆತ್ತಗೆ, ಸುತ್ತಲೂ ಇನ್ನಷ್ಟು ಗಾಢವಾದ ಹಳದಿ ಬಳೆ. ಮಣ್ಣು ಅಷ್ಟು ಒದ್ದೆಯಿದ್ದೂ ಎಲೆಗಳು ತೊಟ್ಟಿನಿಂದಲೇ ಜೋತುಬಿದ್ದಿವೆ. ಈ ಕೊನೆಯದೇ ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ನೀರಿಲ್ಲದೆ ಬಾಡಿದ ಗಿಡವೂ ಜೋಲುತ್ತದೆ, ಆದರೆ ಅದರ ಎಲೆ ಒಳಮುಖವಾಗಿ ಮುದುಡಿ ಅಂಚು ಗರಿಗರಿಯಾಗಿರುತ್ತದೆ, ಮಣ್ಣು ಬಣ್ಣಗೆಟ್ಟು ಕುಂಡದ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಒದ್ದೆ ಮಣ್ಣಿನಲ್ಲಿ ಜೋಲುವ ಗಿಡ ಎಂದರೆ ನೀರು ಸುತ್ತಲೂ ಇದ್ದೂ ಕುಡಿಯಲು ಆಗದ ಗಿಡ. ಬೇರು ಕೆಟ್ಟಿದೆ.

'ನೀರು ಎಷ್ಟು ದಿನಕ್ಕೊಮ್ಮೆ ಹಾಕ್ತೀರಿ ಅತ್ತಿಗೆ?'

'ದಿನಾ ಪೂಜೆ ಮುಗಿಸಿ ಒಂದು ಲೋಟ ಹಾಕ್ತೀನಪ್ಪ. ಜಾಸ್ತಿ ಏನಿಲ್ಲ, ಒಂದೇ ಲೋಟ.'

ಲೆಕ್ಕ ಹಾಕಿ ನೋಡಿ. ಲೋಟಕ್ಕೆ 200 ಮಿಲಿಲೀಟರ್ ಎಂದರೆ ವಾರಕ್ಕೆ 1.4 ಲೀಟರ್. ಆರಿಂಚಿನ ಕುಂಡದಲ್ಲಿ ಹಿಡಿಯುವ ಮಣ್ಣೇ ಒಂದೂವರೆ-ಎರಡು ಲೀಟರಿನಷ್ಟು. ಅದರಲ್ಲಿ ಕೋಕೊಪಿಟ್ ಬೇರೆ ಇದೆ, ನೀರನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುವುದೇ ಅದರ ಗುಣ. ಸೆರಾಮಿಕ್ ಕುಂಡಕ್ಕೆ ತಳದಲ್ಲಿ ತೂತಿಲ್ಲ. 'ಕೆಳಗೆ ಜಲ್ಲಿ ಹಾಕಿದೀನಲ್ಲ' ಎಂದರು ಅತ್ತಿಗೆ. ಇದು ನಮ್ಮಲ್ಲಿ ಬಹಳ ಹಳೆಯ ನಂಬಿಕೆ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಅಂದರೆ ಜಲ್ಲಿ ಹಾಕಿದಾಗ ಒದ್ದೆಯ ಪದರ ಇನ್ನೂ ಮೇಲೆ, ಬೇರಿಗೆ ಇನ್ನೂ ಹತ್ತಿರ ಬರುತ್ತದೆ.

ಅಂತೂ ತೀರ್ಪು ನೀರಿನ ಮೇಲೆ ಹೋಯಿತು ಎನ್ನಿಸಬಹುದು. ಆದರೆ ಕಾಂಡ ಹೇಳಿದ್ದು ಬೆಳಕಿನ ಕೊರತೆಯ ಮಾತು, ಅದೂ ಸುಳ್ಳಲ್ಲ. ಬಹುತೇಕ ಮನೆಗಳ ಹಳದಿ ಎಲೆಯ ಹಿಂದೆ ಈ ಎರಡೂ ಒಟ್ಟಿಗಿರುತ್ತವೆ, ಒಂದು ಇನ್ನೊಂದನ್ನು ಹುಟ್ಟಿಸುತ್ತದೆ. ಗಿಡ ನೀರನ್ನು ಎಳೆಯುವುದು ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಅದು ಆವಿಯಾಗಿ ಹೋದಾಗ. ಆ ರಂಧ್ರಗಳು ತೆರೆದುಕೊಳ್ಳಲು ಬೆಳಕು ಬೇಕು. ಕಿಟಕಿಯ ಬಳಿ ಇದ್ದರೆ ಆ ಒಂದು ಲೋಟ ನೀರಿನ ದೊಡ್ಡ ಪಾಲನ್ನು ಗಿಡ ಬಳಸಿಕೊಳ್ಳುತ್ತಿತ್ತೋ ಏನೋ. ಟಿವಿ ಪಕ್ಕದ ಮಂಕಿನಲ್ಲಿ ಅದಕ್ಕೆ ನೀರಿನ ಅಗತ್ಯವೇ ಕಡಿಮೆ. ಮಳೆಗಾಲದಲ್ಲಿ ಗಾಳಿಯೂ ತೇವ, ಮಣ್ಣು ಆರುವುದೂ ನಿಧಾನ. ಬೇಸಿಗೆಯಿಡೀ ನಡೆದ ಒಂದು ಲೋಟ ಜುಲೈ ತಿಂಗಳಲ್ಲಿ ವಿಷವಾದದ್ದು ಹೀಗೆ.

ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕು. ಬೇರೂ ಉಸಿರಾಡುತ್ತದೆ. ಆ ಸಂದುಗಳಲ್ಲಿ ನೀರು ನಿಂತರೆ ಆಮ್ಲಜನಕ ಬೇರಿಗೆ ತಲುಪುವುದು ತೀರಾ ನಿಧಾನ, ಏಕೆಂದರೆ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರಿನ ತುದಿಗಳು ಮೊದಲು ಸಾಯುತ್ತವೆ, ಸತ್ತ ಜಾಗದಲ್ಲಿ ಪಿಥಿಯಂನಂಥ ಕೊಳೆರೋಗದ ಜೀವಿಗಳು ಸೇರಿಕೊಳ್ಳುತ್ತವೆ. ಬೇರು ಹೋದಷ್ಟೂ ಗಿಡ ಕುಡಿಯುವುದು ಕಡಿಮೆ, ಕುಡಿಯದಷ್ಟೂ ಮಣ್ಣು ಒದ್ದೆ. ಎಲೆ ಹಳದಿಯಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಗೆ ಬಹಳಷ್ಟು ಆಗಿಹೋಗಿರುತ್ತದೆ.

ಅತ್ತಿಗೆ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: 'ಇದೇ ಗಿಡಾನ ಅಡುಗೆಮನೇಲಿ ಬಾಟಲಿ ನೀರಲ್ಲಿ ಇಟ್ಟಿದೀನಿ, ಅದು ಚೆನ್ನಾಗೇ ಇದೆಯಲ್ಲ?' ನೀರಿನಲ್ಲೇ ಹುಟ್ಟಿದ ಬೇರಿನ ಒಳಗೆ ಗಾಳಿ ಓಡಾಡುವ ಕೋಶಗಳ ಜಾಗ ಹೆಚ್ಚಿರುತ್ತದೆ. ಬಾಟಲಿಯ ನೀರು ಮೇಲ್ಭಾಗದಲ್ಲಿ ಗಾಳಿಗೆ ತೆರೆದಿರುತ್ತದೆ, ವಾರಕ್ಕೊಮ್ಮೆ ಬದಲಾಗುತ್ತಲೂ ಇರುತ್ತದೆ. ಮಣ್ಣಿನಲ್ಲಿ ಹುಟ್ಟಿದ ಬೇರಿಗೆ ಆ ಏರ್ಪಾಟು ಅಷ್ಟಿಲ್ಲ, ಕುಂಡದ ತಳದಲ್ಲಿ ನಿಂತ ನೀರಿಗೆ ಹೊಸ ಗಾಳಿಯ ದಾರಿಯಿಲ್ಲ, ಅಲ್ಲಿ ಕೊಳೆಯುತ್ತಿರುವ ಗೊಬ್ಬರವೂ ಇದ್ದಬದ್ದ ಆಮ್ಲಜನಕವನ್ನು ತಿಂದುಹಾಕುತ್ತದೆ. ಮಣ್ಣಿನ ಗಿಡವನ್ನು ಕಿತ್ತು ನೇರವಾಗಿ ಬಾಟಲಿಗೆ ಹಾಕಿದರೆ ಹಳೆಯ ಬೇರುಗಳು ಹಲವು ಸಲ ಕೊಳೆತು ಹೋಗುತ್ತವೆ. ಆಮೇಲೆ ಗೆಣ್ಣಿನಿಂದ ಹೊಸ ಬೇರು ಬರುತ್ತದೆ.

ಬೆಳಕಿನ ವಿಷಯಕ್ಕೆ ಮರಳೋಣ, ಏಕೆಂದರೆ ಫೋಟೊ ಅತಿ ಹೆಚ್ಚು ಮೋಸ ಮಾಡುವುದು ಇಲ್ಲೇ. ಅತ್ತಿಗೆ ಕಳಿಸಿದ ಚಿತ್ರದಲ್ಲಿ ಆ ಮೂಲೆ ಬೆಳ್ಳಗೆ ಬೆಳಗುತ್ತಿತ್ತು. 'ನೋಡು, ಎಷ್ಟು ಬೆಳಕಿದೆ' ಎಂದು ಅವರು ವಾದಿಸಿದ್ದರಲ್ಲಿ ತಪ್ಪಿಲ್ಲ. ಇಂದಿನ ಫೋನುಗಳು ಕತ್ತಲೆಯನ್ನು ಕತ್ತಲೆಯಾಗಿ ತೋರಿಸುವುದನ್ನು ಬಿಟ್ಟಿವೆ. ನಮ್ಮ ಕಣ್ಣೂ ಹಾಗೆಯೇ ಹೊಂದಿಕೊಳ್ಳುತ್ತದೆ. ಹೊರಗಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುವಾಗ ಮನೆಯೊಳಗಿನ 100 ಲಕ್ಸ್ ನಮಗೆ ಸಾಧಾರಣ ಬೆಳಕಾಗಿ ಕಾಣುತ್ತದೆ. ಗಿಡಕ್ಕೆ ಅದು ಸಾವಿರದಲ್ಲಿ ಒಂದು ಪಾಲು.

ಚಿತ್ರದ ಹೊಳಪನ್ನು ಬಿಟ್ಟು ನೆರಳನ್ನು ಹುಡುಕಿ. ಹಗಲಲ್ಲಿ, ಬಲ್ಬುಗಳಿಲ್ಲದೆ ತೆಗೆದ ಫೋಟೊದಲ್ಲಿ ಕುಂಡದ ನೆರಳು ನೆಲದ ಮೇಲೆ ಗುರುತಿಸುವಂತೆ ಬಿದ್ದಿದ್ದರೆ, ಅಂಚು ಮಸುಕಾಗಿದ್ದರೂ ಸರಿ, ಮನಿಪ್ಲಾಂಟಿಗೆ ಅದು ನಡೆಯುವ ಬೆಳಕು. ನೆರಳೇ ಇಲ್ಲದಿದ್ದರೆ ಅನುಮಾನ ಪಡಬೇಕು. ಎಲೆಗಳೆಲ್ಲ ಒಂದೇ ಕಡೆಗೆ ಮುಖ ಮಾಡಿವೆಯೇ ಎಂಬುದನ್ನೂ ನೋಡಿ.

ಇದಕ್ಕಿಂತ ಖಚಿತವಾದ ಒಂದು ಉಪಾಯ ಫೋಟೊದ ಒಳಗೇ ಅಡಗಿದೆ. ಪ್ರತಿ ಫೋಟೊದ ಜೊತೆ ಫೋನು ಮೂರು ಸಂಖ್ಯೆ ಬರೆದಿಡುತ್ತದೆ: ಲೆನ್ಸಿನ ಕಿಂಡಿಯ ಅಳತೆ, ಅದು ತೆರೆದಿದ್ದ ಸಮಯ, ಸೆನ್ಸರಿನ ಸೂಕ್ಷ್ಮತೆ ಅಂದರೆ ISO. ಗ್ಯಾಲರಿಯಲ್ಲಿ ಫೋಟೊ ತೆರೆದು ಅದರ ವಿವರ ನೋಡಿದರೆ ಇವು ಸಿಗುತ್ತವೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದಾಗ ಈ ವಿವರ ಅಳಿಸಿಹೋಗುತ್ತದೆ, Document ಎಂದು ಆರಿಸಿ ಕಳಿಸಿದರೆ ಉಳಿಯುತ್ತದೆ. ಛಾಯಾಗ್ರಾಹಕರ ಬೆಳಕಿನ ಮೀಟರುಗಳ ಲೆಕ್ಕವನ್ನು ತಿರುಗಿಸಿ ಹಾಕಿದರೆ ಆ ಜಾಗದ ಬೆಳಕು ಅಂದಾಜಿಗೆ ಸಿಗುತ್ತದೆ:

```
lux ≈ 250 × f² ÷ (t × ISO)
```

ಅತ್ತಿಗೆಯ ಫೋಟೊದಲ್ಲಿದ್ದದ್ದು f/1.8, 1/30 ಸೆಕೆಂಡ್, ISO 640. 1.8ರ ವರ್ಗ 3.24. ಅದನ್ನು 250ರಿಂದ ಗುಣಿಸಿದರೆ 810. ಮೂವತ್ತನೇ ಒಂದು ಸೆಕೆಂಡಿನಿಂದ ಭಾಗಿಸುವುದೆಂದರೆ 30ರಿಂದ ಗುಣಿಸುವುದು, 24,300. ಅದನ್ನು 640ರಿಂದ ಭಾಗಿಸಿದರೆ ಸುಮಾರು 38 ಲಕ್ಸ್. ಮಂದ ಬೆಳಕಿನ ಗಿಡ ಎಂದು ಹೆಸರಾದವಕ್ಕೂ 250ರಿಂದ 1,000 ಲಕ್ಸ್ ಬೇಕೆಂದು ತೋಟಗಾರಿಕೆಯವರ ಅಂದಾಜು. ಮನಿಪ್ಲಾಂಟ್ ಚೆನ್ನಾಗಿ ಬೆಳೆಯಲು ಸಾವಿರದ ಮೇಲೆ ಇದ್ದರೆ ಒಳ್ಳೆಯದು.

ಈ ಲೆಕ್ಕವನ್ನು ತಕ್ಕಡಿಯ ತೂಕದಂತೆ ನಂಬಬಾರದು. ಫೋಟೊದ ಚೌಕಟ್ಟಿನಲ್ಲಿ ಹೊಳೆಯುವ ಕಿಟಕಿ ಬಂದಿದ್ದರೆ ಉತ್ತರ ನಿಜಕ್ಕಿಂತ ಬಹಳ ಹೆಚ್ಚು ಬರುತ್ತದೆ. ಕಡುಹಸಿರು ಎಲೆಯೇ ತುಂಬಿದ್ದರೆ ನಿಜದ ಅರ್ಧದಷ್ಟು ತೋರಿಸಬಹುದು. ಎಲೆಗಳ ಜಾಗದಲ್ಲಿ ಒಂದು ಕಂದು ರಟ್ಟಿನ ತುಂಡು ಹಿಡಿದು, ಕಿಟಕಿಗೆ ಬೆನ್ನು ಮಾಡಿ, ರಟ್ಟಿನ ಮೇಲೆ ನಮ್ಮ ನೆರಳು ಬೀಳದಂತೆ ಅದನ್ನಷ್ಟೇ ತೆಗೆದರೆ ಅಂದಾಜು ಸುಧಾರಿಸುತ್ತದೆ. ಹಾಗಿದ್ದೂ 38 ಇದ್ದದ್ದು 76 ಆದೀತು, ತೀರ್ಪು ಬದಲಾಗದು.

ಇಷ್ಟರ ಮೇಲೂ ಫೋಟೊಗೆ ಎಟುಕದ ಸಂಗತಿಗಳಿವೆ. ಮೇಲಿನ ಮಣ್ಣು ಒಣಗಿ ಬೆಳ್ಳಗಿದ್ದು ಒಳಗೆ ಕೆಸರಾಗಿರಬಹುದು, ಕೋಕೊಪಿಟ್ ಇರುವ ಕುಂಡಗಳಲ್ಲಿ ಇದು ದಿನನಿತ್ಯದ ಮೋಸ. ಅದಕ್ಕೆ ಊದುಬತ್ತಿಯ ಕಡ್ಡಿಯನ್ನೋ ಬಿದಿರಿನ ಕಡ್ಡಿಯನ್ನೋ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಎಲ್ಲಿಯವರೆಗೆ ಕಪ್ಪಾಗಿದೆಯೋ ಅಲ್ಲಿಯವರೆಗೆ ಒದ್ದೆ. ಮೂಸಿ ನೋಡಿ, ಚರಂಡಿಯ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಅತ್ತಿಗೆಯ ಕಡ್ಡಿ ಅಡಿಯಿಂದ ಮುಡಿಯವರೆಗೂ ಒದ್ದೆ, ವಾಸನೆಯೂ ಇತ್ತು.

ಎಲ್ಲ ಹಳದಿಯೂ ಈ ಎರಡರಲ್ಲಿ ಒಂದೇ ಆಗಿರಬೇಕೆಂದೂ ಇಲ್ಲ. ತೀರಾ ಬುಡದ ಒಂದೇ ಎಲೆ ಯಾವಾಗಲೋ ಒಮ್ಮೆ ಹಳದಿಯಾಗಿ ಬಿದ್ದರೆ ಅದು ವಯಸ್ಸು, ಬಿಟ್ಟುಬಿಡಿ. ಹಳೆಯ ಎಲೆಗಳು ಹಸಿರಾಗಿದ್ದು ತುದಿಯ ಎಳೆ ಎಲೆ ಮಾತ್ರ ಹಳದಿಯಾಗಿ, ನರಗಳು ಹಸಿರಾಗಿಯೇ ಉಳಿದು ಬಲೆಯಂತೆ ಕಂಡರೆ ಅದು ಕಬ್ಬಿಣಾಂಶದ ಕೊರತೆಯ ಲಕ್ಷಣ. ಕಬ್ಬಿಣವನ್ನು ಗಿಡ ಹಳೆಯ ಎಲೆಯಿಂದ ಹೊಸದಕ್ಕೆ ಸಾಗಿಸಲಾರದು. ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ ಇದನ್ನು ಶಂಕಿಸಬಹುದು. ಎಲೆಯ ತುಂಬ ಸೂಜಿಮೊನೆಯ ಚುಕ್ಕೆಗಳಿದ್ದರೆ ಎಲೆ ತಿರುಗಿಸಿ ಹಿಂಬದಿಯ ಫೋಟೊ ತೆಗೆಯಿರಿ, ನುಸಿಯೋ ಜೇಡದ ಎಳೆಯೋ ಸಿಕ್ಕೀತು.

ಅತ್ತಿಗೆಯ ಗಿಡಕ್ಕೆ ಮಾಡಿದ್ದು ಇಷ್ಟು. ಕುಂಡದಿಂದ ಮಣ್ಣಿನ ಸಮೇತ ಹೊರತೆಗೆದು ಬೇರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು. ಬೆಳ್ಳಗೆ ಗಟ್ಟಿಯಾಗಿದ್ದ ಬೇರು ಕಾಲು ಭಾಗ. ಉಳಿದವು ಕಂದು ಬಣ್ಣ, ಎಳೆದರೆ ಹೊರಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬರುತ್ತಿತ್ತು. ಅವನ್ನೆಲ್ಲ ಶುದ್ಧ ಕತ್ತರಿಯಿಂದ ತೆಗೆದರು. ಬೇರು ಅಷ್ಟು ಕಡಿಮೆಯಾದ ಮೇಲೆ ಉದ್ದ ಬಳ್ಳಿಯನ್ನು ಸಾಕಲಾಗದು, ಹಾಗಾಗಿ ಬಳ್ಳಿಯನ್ನೂ ಮೊಟಕುಗೊಳಿಸಿದ್ದಾಯಿತು. ಕತ್ತರಿಸಿದ ಆರೋಗ್ಯವಂತ ತುಂಡುಗಳು, ತಲಾ ಎರಡು ಗೆಣ್ಣಿನವು, ಅಡುಗೆಮನೆಯ ಬಾಟಲಿ ಸೇರಿದವು. ಮೂಲ ಗಿಡ ಮೈಕೈ ಸರಿಯಾಗದಿದ್ದರೆ ಇವಾದರೂ ಇರುತ್ತವೆ. ಹೊಸ ಕುಂಡ ಮೊದಲಿಗಿಂತ ಚಿಕ್ಕದು, ತೂತಿರುವ ಸಾದಾ ಪ್ಲಾಸ್ಟಿಕ್ಕಿನದು. ಬೇರು ಕಡಿಮೆಯಿರುವಾಗ ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣಿನಲ್ಲಿ ನೀರು ಹಾಗೇ ನಿಲ್ಲುತ್ತದೆ. ಕೆಂಪು ಮಣ್ಣು, ಕಾಂಪೋಸ್ಟ್ ಜೊತೆಗೆ ಮೂರನೇ ಒಂದು ಭಾಗದಷ್ಟು ಪರ್ಲೈಟ್ ಬೆರೆಸಿದರು. ಬಿಳಿ ಸೆರಾಮಿಕ್ಕನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಪ್ಲಾಸ್ಟಿಕ್ ಕುಂಡವನ್ನು ಅದರೊಳಗೆ ಇಳಿಬಿಟ್ಟು, ನೀರು ಹಾಕುವಾಗ ಮಾತ್ರ ಹೊರಗೆತ್ತಿ, ಸೋರಿದ ಮೇಲೆ ವಾಪಸಿಡುವುದೆಂದು ರಾಜಿಯಾಯಿತು. ಗೊಬ್ಬರ ಸದ್ಯಕ್ಕೆ ಬೇಡ. ಗಾಯವಾದ ಬೇರಿಗೆ ಅದರ ಲವಣ ಇನ್ನೊಂದು ಪೆಟ್ಟು.

ಜಾಗ ಬದಲಾಗಿ ಗಿಡ ಪೂರ್ವದ ಕಿಟಕಿಯಿಂದ ಮೂರಡಿ ದೂರಕ್ಕೆ ಬಂತು, ಪರದೆ ಹಗಲಲ್ಲಿ ಸರಿಯುತ್ತದೆ. ಅಲ್ಲಿಂದ ಬಂದ ಫೋಟೊದ ವಿವರ f/1.8, 1/120 ಸೆಕೆಂಡ್, ISO 50. ಲೆಕ್ಕ ಹಾಕಿದರೆ 1,944 ಲಕ್ಸ್, ಟಿವಿಯ ಮೂಲೆಗಿಂತ ಸುಮಾರು ಐವತ್ತು ಪಟ್ಟು. ಕಣ್ಣಿಗೆ ಎರಡು ಜಾಗಗಳ ನಡುವೆ ಅಷ್ಟೇನೂ ವ್ಯತ್ಯಾಸ ಕಾಣದು ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ದಿನದ ಲೋಟ ನಿಂತು, ಕಡ್ಡಿ ಚುಚ್ಚಿದಾಗ ಮೇಲಿನ ಒಂದೂವರೆ ಇಂಚು ಒಣಗಿದ್ದರೆ ಮಾತ್ರ ನೀರು, ಹಾಕಿದಾಗ ತೂತಿನಿಂದ ಇಳಿಯುವಷ್ಟು.

ಹಳದಿಯಾದ ಎಲೆಗಳು ಮತ್ತೆ ಹಸಿರಾಗುವುದಿಲ್ಲ, ಅವನ್ನು ನೋಡುತ್ತ ಕೂರುವುದರಿಂದ ಗುಣವಾಯಿತೋ ಇಲ್ಲವೋ ತಿಳಿಯದು. ಜಾಗ ಬದಲಾದ ಮೇಲೆ ಇನ್ನೂ ಒಂದೆರಡು ಎಲೆ ಹಳದಿಯಾಗಿ ಬೀಳಬಹುದು, ಹಿಂದಿನ ಪೆಟ್ಟು ತಡವಾಗಿ ಕಾಣುವುದು ಅದು. ನಾನು ಅತ್ತಿಗೆಗೆ ಕೇಳಿದ್ದು ತುದಿಯ ಫೋಟೊವನ್ನು, ಪಕ್ಕದಲ್ಲಿ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು. ಬಾಟಲಿಯ ತುಂಡುಗಳು ಮೊದಲು ಬೇರು ಬಿಟ್ಟವು. ಕುಂಡದ ಗಿಡ ಹೊಸ ಎಲೆ ಬಿಚ್ಚಲು ಸೆಪ್ಟೆಂಬರ್ ಬಂತು. ಹೊಸ ಗೆಣ್ಣಿನ ಅಂತರ ಆರು ಸೆಂಟಿಮೀಟರ್, ಎಲೆಯ ಬಲಬದಿಯಲ್ಲಿ ಹೊನ್ನಿನ ಒಂದು ಗೀಟು.